ಮೊಬೈಲ್ ಕಂತು ಮೊದಲು ಮುಗಿಸಲಾ, ಕ್ರೆಡಿಟ್ ಕಾರ್ಡ್ ಮೊದಲು ಮುಗಿಸಲಾ?

ಪ್ರಶ್ನೆ: ಸರ್, ನಾನು ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡ್ತೀನಿ. ಕೈಗೆ ಬರೋದು 27,000. ನಾಲ್ಕು ಸಾಲ ಇದೆ. ಕ್ರೆಡಿಟ್ ಕಾರ್ಡ್ 52,000, ಬಿಲ್ಲಿನಲ್ಲಿ ತಿಂಗಳಿಗೆ 3.5% ಅಂತ ಇದೆ. ಪರಿಚಯದವರ ಹತ್ತಿರ ನೂರಕ್ಕೆ ಎರಡರಂತೆ 40,000. ಮೊಬೈಲ್ ಕಂತು ತಿಂಗಳಿಗೆ 1,500, ಇನ್ನೂ 8 ಇದೆ, ಅದಕ್ಕೆ ಬಡ್ಡಿ ಇಲ್ಲ ಅಂದಿದ್ರು. ಹೆಂಡತಿ ಸರ ಬ್ಯಾಂಕಲ್ಲಿಟ್ಟು 80,000, ವರ್ಷಕ್ಕೆ 10%. ಎಲ್ಲಾ ಸೇರಿ ತಿಂಗಳಿಗೆ 9,000 ಕಟ್ಟಬಲ್ಲೆ. ಅವಲಾಂಚ್, ಸ್ನೋಬಾಲ್ ಅಂತ ಎರಡು ದಾರಿ ಇದೆಯಂತೆ. ಒಂದಾದ್ರೂ ತಲೆ ಮೇಲಿಂದ ಇಳೀಲಿ ಅಂತ ಮೊದಲು ಮೊಬೈಲ್ ಮುಗಿಸಿಬಿಡೋಣ ಅನಿಸ್ತಿದೆ. ಸರೀನಾ?

ಉತ್ತರ: ಮೊಬೈಲ್ ಕಂತನ್ನು ಮುಟ್ಟಬೇಡಿ. ಅದು ತನ್ನಷ್ಟಕ್ಕೆ ನಡೆಯಲಿ. ಕೈಯಲ್ಲಿ ಉಳಿಯುವ ಪ್ರತಿ ರೂಪಾಯಿಯನ್ನೂ ಕ್ರೆಡಿಟ್ ಕಾರ್ಡಿಗೆ ಹಾಕಿ. ಯಾಕೆ ಅಂತ ನಿಮ್ಮ ಲೆಕ್ಕದಲ್ಲೇ ತೋರಿಸುತ್ತೇನೆ. ನೀವು ಲೆಕ್ಕ ಬರೆಯುವವರು, ಪೆನ್ನು ಹಿಡಿದು ಜೊತೆಗೇ ಬನ್ನಿ.

ಎರಡೂ ದಾರಿಯ ಮೂಲ ಒಂದೇ. ಎಲ್ಲಾ ಸಾಲಕ್ಕೂ ತಪ್ಪದೆ ಕಟ್ಟಲೇಬೇಕಾದಷ್ಟನ್ನು ಕಟ್ಟುವುದು, ಮಿಕ್ಕ ಹಣವನ್ನು ಹಂಚದೆ ಒಂದೇ ಸಾಲದ ಮೇಲೆ ಹಾಕುವುದು. ಅದು ತೀರಿದ ಮೇಲೆ ಅದರ ಕಂತನ್ನೂ ಸೇರಿಸಿ ಮುಂದಿನ ಸಾಲಕ್ಕೆ ಹಾಕುವುದು. ಆ ಒಂದು ಸಾಲವನ್ನು ಆರಿಸುವುದರಲ್ಲಿ ಮಾತ್ರ ವ್ಯತ್ಯಾಸ. ಅವಲಾಂಚ್‌ನಲ್ಲಿ ಬಡ್ಡಿ ಜಾಸ್ತಿ ಇರುವುದು ಮೊದಲು. ಸ್ನೋಬಾಲ್‌ನಲ್ಲಿ ಬಾಕಿ ಕಡಿಮೆ ಇರುವುದು ಮೊದಲು, ಬಡ್ಡಿ ಎಷ್ಟಿದ್ದರೂ ಸರಿ.

ಇಲ್ಲಿ ನಮ್ಮವರು ಎಡವುವುದು ದಾರಿ ಆರಿಸುವಾಗ ಅಲ್ಲ, ಅದಕ್ಕೂ ಮುಂಚೆ. ನಿಮ್ಮ ನಾಲ್ಕು ಸಾಲದ ಬಡ್ಡಿಯನ್ನು ನಾಲ್ಕು ಭಾಷೆಯಲ್ಲಿ ಹೇಳಿದ್ದೀರಿ. ಒಂದು ತಿಂಗಳ ಶೇಕಡಾ, ಒಂದು ನೂರಕ್ಕೆ ಎರಡು, ಒಂದು ವರ್ಷದ ಶೇಕಡಾ, ಇನ್ನೊಂದು ‘ಬಡ್ಡಿ ಇಲ್ಲ’. ಹೀಗೆ ಬರೆದಿಟ್ಟರೆ ಸರದ ಸಾಲದ 10 ದೊಡ್ಡದಾಗಿ, ಕಾರ್ಡಿನ 3.5 ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಎಲ್ಲವನ್ನೂ ನಮಗೆ ರೂಢಿಯಿರುವ ಲೆಕ್ಕಕ್ಕೆ ತನ್ನಿ: ನೂರು ರೂಪಾಯಿಗೆ ತಿಂಗಳಿಗೆ ಎಷ್ಟು?

ಪರಿಚಯದವರ ಸಾಲ ನೂರಕ್ಕೆ ಎರಡು ರೂಪಾಯಿ. ಸರದ ಸಾಲ ವರ್ಷಕ್ಕೆ ಹತ್ತು ಅಂದರೆ ತಿಂಗಳಿಗೆ ನೂರಕ್ಕೆ 83 ಪೈಸೆ. ಮೊಬೈಲ್ ಸೊನ್ನೆ. ಕಾರ್ಡು ಮೂರೂವರೆ ರೂಪಾಯಿ ಅಂದುಕೊಂಡಿದ್ದೀರಿ, ಆದರೆ ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಅದನ್ನು ಸೇರಿಸಿದರೆ ನೂರಕ್ಕೆ 4 ರೂಪಾಯಿ 13 ಪೈಸೆ. ವರ್ಷಕ್ಕೆ ಗುಣಿಸಿದರೆ 50ರ ಹತ್ತಿರ. ಬಡ್ಡಿಗೆ ಸಾಲ ಕೊಡುವವರು ಅಂದರೆ ಜನ ಹೆದರುತ್ತಾರೆ. ನಿಮ್ಮ ಕಾರ್ಡು ಅವರ ಎರಡು ಪಟ್ಟಿಗಿಂತಲೂ ಜಾಸ್ತಿ ಬಡ್ಡಿ ತಿನ್ನುತ್ತಿದೆ.

ಈ ತಿಂಗಳ ಕಾರ್ಡ್ ಬಿಲ್ಲನ್ನು ಒಮ್ಮೆ ತೆಗೆದು ನೋಡಿ. ಮೇಲೆ Total Amount Due, Minimum Amount Due ಅಂತ ಎರಡು ಮೊತ್ತ ದಪ್ಪಕ್ಷರದಲ್ಲಿರುತ್ತವೆ. ಕಣ್ಣು ಮೊದಲು ಹೋಗುವುದು ಎರಡನೆಯದಕ್ಕೆ, ಯಾಕೆಂದರೆ ಅದು ಚಿಕ್ಕದು. ನಿಮ್ಮ ಬಾಕಿಗೆ ಅದು ಸುಮಾರು 2,700 ಇರಬಹುದು. ಈಗ ಕೆಳಗೆ ವ್ಯವಹಾರಗಳ ಪಟ್ಟಿಗೆ ಇಳಿಯಿರಿ. ಪೆಟ್ರೋಲು, ದಿನಸಿ ಇವುಗಳ ನಡುವೆ Finance Charges ಅಂತ ಒಂದು ಸಾಲು, ಅದರ ಹತ್ತಿರವೇ GST ಅಂತ ಇನ್ನೊಂದು ಸಾಲು ಸಿಗುತ್ತದೆ. 52,000 ಬಾಕಿಗೆ ಒಂದು ಪೂರ್ತಿ ತಿಂಗಳ ಬಡ್ಡಿ 1,820, ಜಿಎಸ್‌ಟಿ 328. ಒಟ್ಟು 2,148. ಅಂದರೆ ನೀವು ಕನಿಷ್ಠ ಮೊತ್ತದ 2,700 ಕಟ್ಟಿದರೆ ಸಾಲ ಇಳಿಯುವುದು ಬರೀ 552 ರೂಪಾಯಿ. ಉಳಿದದ್ದು ಬಡ್ಡಿಗೆ ಹೋಯಿತು.

ಈಗ ಎರಡೂ ದಾರಿಯನ್ನು ನಿಮ್ಮ 9,000ದಲ್ಲಿ ನಡೆಸಿ ನೋಡೋಣ. ಕಾರ್ಡನ್ನು ಹೊಸದಾಗಿ ಉಜ್ಜುವುದಿಲ್ಲ, ತಿಂಗಳ ಕೊನೆಗೆ ಹಣ ಕಟ್ಟುತ್ತೀರಿ ಅಂತ ಇಟ್ಟುಕೊಂಡಿದ್ದೇನೆ.

ಮೊದಲು ಸ್ನೋಬಾಲ್. ಸರದ ಬಡ್ಡಿಗೆ 670, ಪರಿಚಯದವರಿಗೆ ಬಡ್ಡಿ 800, ಕಾರ್ಡಿಗೆ ಕನಿಷ್ಠ 2,700. ಮಿಕ್ಕಿದ 4,830 ಮೊಬೈಲಿಗೆ. ಮೊಬೈಲ್ ಸಾಲ ಮೂರನೇ ತಿಂಗಳಲ್ಲಿ ತೀರುತ್ತದೆ. ಆಮೇಲೆ ಪರಿಚಯದವರ ಸಾಲ, ಅದು ಹನ್ನೊಂದನೇ ತಿಂಗಳಿಗೆ ಚುಕ್ತಾ. ಅಷ್ಟು ಹೊತ್ತಿಗೆ ಕಾರ್ಡಿನ ಬಾಕಿ ಎಷ್ಟಿರುತ್ತದೆ ಗೊತ್ತಾ? ಹತ್ತನೇ ತಿಂಗಳ ಕೊನೆಗೆ 45,300. ಹತ್ತು ತಿಂಗಳಲ್ಲಿ ಅದಕ್ಕೆ 27,000 ಕಟ್ಟಿರುತ್ತೀರಿ, ಇಳಿದದ್ದು ಆರು ಸಾವಿರದ ಏಳುನೂರರಷ್ಟು. ಕಾರ್ಡು ಹದಿನೇಳನೇ ತಿಂಗಳಿಗೆ, ಸರದ ಸಾಲ ಇಪ್ಪತ್ತಾರನೇ ತಿಂಗಳಿಗೆ ತೀರುತ್ತದೆ. ಒಟ್ಟು ಕಟ್ಟಿದ ಬಡ್ಡಿ ಸುಮಾರು 47,800.

ಈಗ ಅವಲಾಂಚ್. ಸರಕ್ಕೆ 670, ಪರಿಚಯದವರಿಗೆ 800, ಮೊಬೈಲಿಗೆ ಅದರ ಕಂತು 1,500. ಮಿಕ್ಕಿದ 6,030 ಕಾರ್ಡಿಗೆ. ಎಂಟನೇ ತಿಂಗಳಿಗೆ ಮೊಬೈಲ್ ತಾನಾಗಿ ಮುಗಿಯುತ್ತದೆ, ಆ 1,500 ಕೂಡ ಕಾರ್ಡಿಗೆ ಸೇರುತ್ತದೆ. ಹನ್ನೊಂದನೇ ತಿಂಗಳಲ್ಲಿ ಕಾರ್ಡು ಪೂರ್ತಿ ಚುಕ್ತಾ. ಹದಿನಾರಕ್ಕೆ ಪರಿಚಯದವರ ಸಾಲ, ಇಪ್ಪತ್ತೈದಕ್ಕೆ ಸರ ಮನೆಗೆ. ಒಟ್ಟು ಬಡ್ಡಿ ಸುಮಾರು 37,900.

ವ್ಯತ್ಯಾಸ ಹತ್ತು ಸಾವಿರದ ಹತ್ತಿರ. ನೀವು ಒಂದು ತಿಂಗಳು ಸಾಲಕ್ಕೆ ತೆಗೆದಿಡುವ ಹಣಕ್ಕಿಂತ ಜಾಸ್ತಿ. ಎರಡೂ ದಾರಿಯಲ್ಲಿ ನೀವು ಕಟ್ಟುವ ಕಷ್ಟ ಒಂದೇ, ತಿಂಗಳಿಗೆ ಅದೇ 9,000.

ಇದರಲ್ಲಿ ಇನ್ನೊಂದು ವಿಷಯ ಗಮನಿಸಿ. ಸ್ನೋಬಾಲ್ ಬೇಕು ಅನ್ನುವವರು ಹೇಳುವುದು ಮನಸ್ಸಿನ ವಿಚಾರ. ಒಂದು ಸಾಲ ಪೂರ್ತಿ ತೀರಿದರೆ ಮುಂದಿನದಕ್ಕೆ ಧೈರ್ಯ ಬರುತ್ತದೆ ಅಂತ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2012ರಲ್ಲಿ ಡೇವಿಡ್ ಗ್ಯಾಲ್, ಬ್ಲೇಕ್ಲಿ ಮೆಕ್‌ಶೇನ್ ಎಂಬ ಇಬ್ಬರು ಅಮೆರಿಕದ ಸಾಲಗಾರರ ನಿಜವಾದ ಲೆಕ್ಕಪತ್ರ ತೆಗೆದು ನೋಡಿದರು. ತೀರಿದ ಮೊತ್ತ ಎಷ್ಟೇ ಇರಲಿ, ಹೆಚ್ಚು ಖಾತೆಗಳನ್ನು ಪೂರ್ತಿ ಮುಚ್ಚಿದವರೇ ಕೊನೆತನಕ ಸಾಲ ತೀರಿಸುವ ಸಾಧ್ಯತೆ ಜಾಸ್ತಿ ಇತ್ತು. ಆದರೆ ನಿಮ್ಮ ವಿಷಯದಲ್ಲಿ ಎಣಿಸಿ ನೋಡಿ. ಹನ್ನೊಂದನೇ ತಿಂಗಳ ಕೊನೆಗೆ ಸ್ನೋಬಾಲ್‌ನಲ್ಲಿ ಎರಡು ಸಾಲ ತೀರಿರುತ್ತವೆ, ಅವಲಾಂಚ್‌ನಲ್ಲೂ ಎರಡೇ ತೀರಿರುತ್ತವೆ. ಮೊಬೈಲ್ ಎರಡರಲ್ಲೂ ಹೋಗಿರುತ್ತದೆ. ನಿಮಗೆ ಸ್ನೋಬಾಲ್ ಕೊಡುವ ಸಮಾಧಾನ ಅಂದರೆ ಎಂಟನೇ ತಿಂಗಳಿಗೆ ಹೇಗೂ ಮುಗಿಯಬೇಕಾದ ಮೊಬೈಲನ್ನು ಮೂರನೇ ತಿಂಗಳಿಗೆ ಮುಗಿಸಿದ್ದು, ಅಷ್ಟೇ. ಐದು ತಿಂಗಳ ಆ ನೆಮ್ಮದಿಗೆ ಅಷ್ಟು ಬೆಲೆ ಕೊಡಬೇಡಿ. ಬಡ್ಡಿಯಿಲ್ಲದ ಸಾಲವನ್ನು ಬೇಗ ಕಟ್ಟಿದರೆ ಒಂದು ಪೈಸೆಯೂ ಉಳಿಯುವುದಿಲ್ಲ. ಕೆಲವು ಕಡೆ ಅವಧಿಗೆ ಮುಂಚೆ ಮುಚ್ಚಿದ್ದಕ್ಕೆ ಶುಲ್ಕ ಕೂಡ ಹಾಕುತ್ತಾರೆ.

ಯಾವಾಗ ನಾನು ಸ್ನೋಬಾಲ್ ಹಿಡಿಯಿರಿ ಅನ್ನುತ್ತೇನೆ? ಸಾಲಗಳ ಬಡ್ಡಿ ಒಂದಕ್ಕೊಂದು ಹತ್ತಿರ ಇದ್ದಾಗ. ಒಂದು 14, ಒಂದು 15, ಇನ್ನೊಂದು 16% ಇದ್ದರೆ ಯಾವುದನ್ನು ಮೊದಲು ಕಟ್ಟಿದರೂ ಹಣದಲ್ಲಿ ವ್ಯತ್ಯಾಸ ಸ್ವಲ್ಪವೇ. ಆಗ ಚಿಕ್ಕದನ್ನು ತೀರಿಸಿ, ಅದರ ಕಂತನ್ನು ಬಿಡಿಸಿಕೊಳ್ಳುವುದೇ ಜಾಣತನ. ಒಂದು ಕಂತು ಕಡಿಮೆಯಾದರೆ ಸಂಬಳ ತಡವಾದ ತಿಂಗಳು ಉಸಿರಾಡಲು ಜಾಗ ಸಿಗುತ್ತದೆ. ನಿಮ್ಮದು ಹಾಗಿಲ್ಲ. ಒಂದು ಕಡೆ ನಾಲ್ಕು ರೂಪಾಯಿ, ಇನ್ನೊಂದು ಕಡೆ ಸೊನ್ನೆ.

ಇಷ್ಟು ಹೇಳಿದ ಮೇಲೆ, ಇದಕ್ಕಿಂತ ಮುಖ್ಯವಾದ ಒಂದು ಕೆಲಸ ಇದೆ. ಕಾರ್ಡ್ ಬ್ಯಾಂಕಿಗೆ ಫೋನ್ ಮಾಡಿ, ‘ಬಾಕಿಯನ್ನು ಇಎಂಐ ಮಾಡಿಕೊಡ್ತೀರಾ, ಬಡ್ಡಿ ಎಷ್ಟು, ಪ್ರೊಸೆಸಿಂಗ್ ಶುಲ್ಕ ಎಷ್ಟು’ ಅಂತ ಕೇಳಿ. ಬಹಳಷ್ಟು ಬ್ಯಾಂಕುಗಳು ಕೊಡುತ್ತವೆ. ಬಡ್ಡಿ ಕಾರ್ಡಿನ ಮಾಮೂಲಿ ಬಡ್ಡಿಗಿಂತ ತುಂಬಾ ಕಡಿಮೆ ಇರುತ್ತದೆ. ಉದಾಹರಣೆಗೆ ವರ್ಷಕ್ಕೆ 18%ರಂತೆ 12 ತಿಂಗಳಿಗೆ ಸಿಕ್ಕಿತು ಅಂದುಕೊಳ್ಳಿ. ಕಂತು ಸುಮಾರು 4,770, ಅದರ ಜೊತೆ ಬಡ್ಡಿ ಭಾಗದ ಮೇಲೆ ಜಿಎಸ್‌ಟಿ. ಹನ್ನೆರಡು ತಿಂಗಳಿಗೆ ಬಡ್ಡಿ, ಜಿಎಸ್‌ಟಿ ಎರಡೂ ಸೇರಿ 6,100ರ ಹತ್ತಿರ, ಶುಲ್ಕ ಬೇರೆ. ಇಎಂಐ ಮಾಡದೆ ಅವಲಾಂಚ್‌ನಲ್ಲಿ ಕಟ್ಟಿದ್ದರೂ ಕಾರ್ಡೊಂದಕ್ಕೇ 13,400 ಬಡ್ಡಿ ಹೋಗುತ್ತಿತ್ತು. ಸರಿಯಾದ ದಾರಿ ಆರಿಸಿದ್ದರಿಂದ ಹತ್ತು ಸಾವಿರ ಉಳಿಯಿತು, ಒಂದು ಫೋನಿನಿಂದ ಇನ್ನೂ ಏಳು ಸಾವಿರದ ತನಕ ಉಳಿಯಬಹುದು.

ಬಡ್ಡಿ ಕೇಳುವಾಗ ‘ಇದು ಫ್ಲ್ಯಾಟಾ, ಇಳಿಯುವ ಬಾಕಿಯ ಮೇಲಾ’ ಅಂತ ಬಿಡಿಸಿ ಕೇಳಿ. ಫ್ಲ್ಯಾಟ್ ಅಂದರೆ ನೀವು ಅಸಲು ಕಟ್ಟುತ್ತಾ ಹೋದರೂ ಮೊದಲಿನ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕುತ್ತಾರೆ. ಒಂದು ವರ್ಷದ ಕಂತಿನಲ್ಲಿ ಫ್ಲ್ಯಾಟ್ 12% ಅಂದರೆ ನಿಜವಾದ ಬಡ್ಡಿ 21%ಕ್ಕಿಂತ ಮೇಲೆ ಹೋಗುತ್ತದೆ.

ಇಎಂಐ ಆದರೆ ಒಂದು ಬದಲಾವಣೆ ಆಗುತ್ತದೆ, ಅದನ್ನು ಮರೆಯಬೇಡಿ. 18%ರ ಮೇಲೆ ಜಿಎಸ್‌ಟಿ ಸೇರಿದರೂ ಕಾರ್ಡಿನ ಸಾಲ ತಿಂಗಳಿಗೆ ನೂರಕ್ಕೆ 1 ರೂಪಾಯಿ 77 ಪೈಸೆಗೆ ಇಳಿಯುತ್ತದೆ. ಆಗ ಅತಿ ದುಬಾರಿ ಸಾಲ ಅಂದರೆ ಪರಿಚಯದವರದು, ನೂರಕ್ಕೆ ಎರಡು. ಕಂತುಗಳೆಲ್ಲ ಕಟ್ಟಿ ತಿಂಗಳಿಗೆ ಸಾವಿರ ಚಿಲ್ಲರೆ ಮಿಗುತ್ತದಲ್ವಾ, ಅದು ಅವರ ಅಸಲಿಗೆ ಹೋಗಬೇಕು. ಅವಲಾಂಚ್ ಅಂದರೆ ಒಮ್ಮೆ ಪಟ್ಟಿ ಬರೆದು ಗೋಡೆಗೆ ಅಂಟಿಸುವುದಲ್ಲ. ಬಡ್ಡಿ ಬದಲಾದಾಗಲೆಲ್ಲ ಪಟ್ಟಿಯೂ ಬದಲಾಗಬೇಕು.

ಪರಿಚಯದವರ ಹತ್ತಿರ ಈಗಲೇ ಒಂದು ಮಾತು ಆಡಿಕೊಳ್ಳಿ. ಕೈಸಾಲ ಕೊಟ್ಟವರು ಎಷ್ಟೋ ಸಲ ‘ಅಸಲು ಕೊಟ್ಟರೆ ಒಟ್ಟಿಗೆ ಕೊಡು, ಬಿಡಿಬಿಡಿಯಾಗಿ ಬೇಡ’ ಅನ್ನುತ್ತಾರೆ. ಅವರಿಗೆ ತಿಂಗಳು ತಿಂಗಳು ಬಡ್ಡಿ ಬರುತ್ತಿರುವುದೇ ಅನುಕೂಲ. ನೀವು 5,000 ಅಸಲು ಕೊಟ್ಟರೆ ಮುಂದಿನ ತಿಂಗಳಿಂದ ಬಡ್ಡಿ 35,000ಕ್ಕೆ ಮಾತ್ರ, ಅಂದರೆ 700, ಅಂತ ಇಬ್ಬರೂ ಒಪ್ಪಿರಬೇಕು. ಕೊಟ್ಟದ್ದನ್ನು ಯುಪಿಐಯಲ್ಲಿ ಕಳಿಸಿ, ಟಿಪ್ಪಣಿಯಲ್ಲಿ ‘ಅಸಲು’ ಅಂತ ಬರೆಯಿರಿ. ಹಾಗೆ ಬಿಡಿಯಾಗಿ ತೆಗೆದುಕೊಳ್ಳಲು ಅವರು ಒಪ್ಪದಿದ್ದರೆ ಆ ಹಣವನ್ನು ಇಎಂಐ ಆಗದ ಕಾರ್ಡಿಗೋ ಸರಕ್ಕೋ ಹಾಕುವುದೇ ಲೇಸು. ಮನೆಯಲ್ಲಿ ಕೂಡಿಟ್ಟರೆ ಅದು ಖರ್ಚಾಗುತ್ತದೆ. ಇನ್ನು ಅವರಿಗೇ ಮನೆಯಲ್ಲಿ ಮದುವೆಯೋ ಆಸ್ಪತ್ರೆಯೋ ಬಂದು ಬೇಗ ಕೊಡು ಅಂತ ಕೇಳಿದರೆ ಲೆಕ್ಕ ಪಕ್ಕಕ್ಕಿಟ್ಟು ಅವರಿಗೇ ಮೊದಲು ಕೊಡಿ. ಬಾಯಿ ಮಾತಿನ ಮೇಲೆ ಕೊಟ್ಟವರು ಅವರು.

ಸರದ ಸಾಲ ಪಟ್ಟಿಯಲ್ಲಿ ಕೊನೆಗೆ ಬಂದಿದೆ ಅಂತ ಅದನ್ನು ಮರೆಯುವ ಹಾಗಿಲ್ಲ. ನಾನು ಹೆಚ್ಚು ಸಂಕಟಪಟ್ಟು ನೋಡಿದ್ದು ಇಲ್ಲೇ. ಒಡವೆ ಸಾಲಕ್ಕೆ ಸಾಮಾನ್ಯವಾಗಿ ಒಂದು ವರ್ಷದ ಗಡುವು ಇರುತ್ತದೆ. ತಿಂಗಳು ತಿಂಗಳು ಯಾರೂ ಫೋನ್ ಮಾಡುವುದಿಲ್ಲ, ಹಾಗಾಗಿ ಅದು ನೆನಪೇ ಇರುವುದಿಲ್ಲ. ಹಿಂದೆ ನನ್ನ ಹತ್ತಿರ ಸಾಲದ ಲೆಕ್ಕ ಹಾಕಿಸಿಕೊಳ್ಳಲು ಒಬ್ಬ ತಾಯಿ ಬಂದಿದ್ದರು. ಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಅಡವಿನ ಚೀಟಿ ನಾಲ್ಕು ಮಡಿಕೆಯಾಗಿತ್ತು. ಮಡಿಕೆ ಬಿಚ್ಚಿದರೆ ಗಡುವಿನ ತಾರೀಕು ಸರಿಯಾಗಿ ಮಡಿಕೆಯ ಗೆರೆಯ ಮೇಲೆ, ಅರ್ಧ ಅಳಿಸಿಹೋಗಿತ್ತು. ಬೆಳಕಿಗೆ ಹಿಡಿದು ಓದಿದೆವು. ಗಡುವು ದಾಟಿ ಎರಡು ತಿಂಗಳಾಗಿತ್ತು. ಹರಾಜಿನ ನೋಟಿಸು ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿತ್ತು. ಬಳೆ ಉಳಿಯಿತು, ಆದರೆ ಬಂಧುಗಳ ಹತ್ತಿರ ಓಡಾಡಿ ಹಣ ಹೊಂದಿಸಬೇಕಾಯಿತು.

ನಿಮ್ಮ ಲೆಕ್ಕದಲ್ಲಿ ಸರ ಬಿಡಿಸಿಕೊಳ್ಳಲು ಇಪ್ಪತ್ತೈದು ತಿಂಗಳು ಬೇಕು. ಅಂದರೆ ನಡುವೆ ಒಂದೆರಡು ಸಲ ಗಡುವು ಬರುತ್ತದೆ. ತಿಂಗಳಿಗೆ 670ರಂತೆ ಬಡ್ಡಿಯನ್ನು ಸಾಲದ ಖಾತೆಗೇ ಕಟ್ಟುತ್ತಾ ಬನ್ನಿ. ಗಡುವಿಗೆ ಹದಿನೈದು ದಿನ ಮುಂಚೆ ಶಾಖೆಗೆ ಹೋಗಿ ನವೀಕರಣ ಕೇಳಿ. ಬಡ್ಡಿ ಬಾಕಿ ಇಲ್ಲದಿದ್ದರೆ ಕೆಲಸ ಸುಲಭ. ಬಾಕಿ ಇದ್ದರೆ ಅವತ್ತು ಒಂದೇ ಸಲಕ್ಕೆ ಎಂಟು ಸಾವಿರ ಬೇಕಾಗುತ್ತದೆ. ಅದು ಎಲ್ಲಿಂದ ಬರುತ್ತದೆ ಹೇಳಿ? ಮತ್ತೆ ಅದೇ ಕಾರ್ಡಿನಿಂದ.

ಕಾರ್ಡಿನ ಬಗ್ಗೆ ಎರಡು ಮಾತು ಉಳಿದಿವೆ. ಬಾಕಿ ಉಳಿಸಿಕೊಂಡಿರುವ ಕಾರ್ಡಿಗೆ ಬಡ್ಡಿಯಿಲ್ಲದ ದಿನಗಳು ಇರುವುದಿಲ್ಲ. ನೀವು 300 ರೂಪಾಯಿ ಪೆಟ್ರೋಲ್ ಹಾಕಿಸಿದರೂ ಅವತ್ತಿನಿಂದಲೇ ಬಡ್ಡಿ ಶುರು. ಹಾಗಾಗಿ ಚುಕ್ತಾ ಆಗುವ ತನಕ ಕಾರ್ಡು ಪರ್ಸಿನಲ್ಲಿ ಬೇಡ, ಮನೆಯಲ್ಲಿರಲಿ. ಫೋನಿನ ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ವಿವರವನ್ನೂ ತೆಗೆದುಹಾಕಿ. ಇನ್ನೊಂದು, ಕಾರ್ಡಿನ ಬಡ್ಡಿ ದಿನದ ಲೆಕ್ಕದಲ್ಲಿ ಓಡುತ್ತದೆ. ಕೊನೆಯ ತಾರೀಕು 22 ಅಂತ ಅವತ್ತಿನ ತನಕ ಕಾಯಬೇಡಿ. ಸಂಬಳ 5ಕ್ಕೆ ಬಂದರೆ 5ಕ್ಕೇ 6,030 ಕಟ್ಟಿಬಿಡಿ. ಹದಿನೇಳು ದಿನದ ಬಡ್ಡಿ ಸುಮಾರು 140 ರೂಪಾಯಿ ಉಳಿಯುತ್ತದೆ. ಆದರೆ ಬಿಲ್ಲು ಬಂದ ಮೇಲೆ ಕಟ್ಟಿದ್ದು ಮಾತ್ರ ಆ ಬಿಲ್ಲಿನ ಕನಿಷ್ಠ ಮೊತ್ತಕ್ಕೆ ಜಮಾ ಆಗುತ್ತದೆ, ಬಿಲ್ಲು ಬರುವ ದಿನ ಯಾವುದು ಅಂತ ನೋಡಿಕೊಳ್ಳಿ.

ಮೊದಲ ತಿಂಗಳು ಆ 6,030ರಲ್ಲಿ 3,000 ತೆಗೆದು ಬೇರೆ ಖಾತೆಯಲ್ಲಿಡಿ. ಲೆಕ್ಕದ ಪ್ರಕಾರ ಇದು ನಷ್ಟ, ತಿಂಗಳಿಗೆ 124 ರೂಪಾಯಿ ಜಾಸ್ತಿ ಬಡ್ಡಿ. ಆದರೂ ಇಡಿ ಅನ್ನುತ್ತೇನೆ. ಮಗುವಿಗೆ ಜ್ವರ ಬಂದ ರಾತ್ರಿ, ಗಾಡಿ ಕೆಟ್ಟ ದಿನ ಕೈಯಲ್ಲಿ ಏನೂ ಇಲ್ಲದಿದ್ದರೆ ಕಾರ್ಡು ಮತ್ತೆ ಹೊರಗೆ ಬರುತ್ತದೆ. ಇಷ್ಟು ವರ್ಷದಲ್ಲಿ ನಾನು ನೋಡಿದ ಹಾಗೆ ಯೋಜನೆ ಮುರಿದುಬಿದ್ದದ್ದು ಹೆಚ್ಚಾಗಿ ಎರಡನೇ, ಮೂರನೇ ತಿಂಗಳಲ್ಲಿ, ಇಂಥ ಎರಡು ಸಾವಿರದ ಖರ್ಚಿಗೆ.

ದಾರಿ ಸರಿಯಾಗಿ ನಡೆಯುತ್ತಿದೆಯಾ ಅಂತ ತಿಳಿಯಲು ಬಾಕಿ ಮೊತ್ತ ನೋಡಬೇಡಿ, ಅದರಲ್ಲಿ ಬೇರೆ ಲೆಕ್ಕವೂ ಸೇರಿರುತ್ತದೆ. ಇಎಂಐ ಮಾಡಿಸದಿದ್ದರೆ ಪ್ರತಿ ಬಿಲ್ಲಿನಲ್ಲಿ Finance Charges, ಜಿಎಸ್‌ಟಿ ಎರಡನ್ನೂ ಕೂಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲ ತಿಂಗಳು 2,148 ಇದ್ದದ್ದು ಆಮೇಲೆ 1,987, ಆಮೇಲೆ 1,820, ಹೀಗೆ ತಿಂಗಳಿಗೆ ನೂರೈವತ್ತು ಇನ್ನೂರರಷ್ಟು ಇಳಿಯಬೇಕು. ಬಿಲ್ಲಿನ ದಿನಗಳು ಹೆಚ್ಚುಕಡಿಮೆ ಇರುವುದರಿಂದ ಹತ್ತಿಪ್ಪತ್ತು ರೂಪಾಯಿ ಅತ್ತಿತ್ತ ಆದರೆ ಪರವಾಗಿಲ್ಲ. 3,000 ತೆಗೆದಿಟ್ಟ ತಿಂಗಳ ಮುಂದಿನ ಬಿಲ್ಲಿನಲ್ಲಿ ಇಳಿತ ಕಡಿಮೆ ಇರುತ್ತದೆ, ಅದೂ ಸಹಜ. ಆದರೆ ಎರಡು ತಿಂಗಳು ಒಂದೇ ಕಡೆ ನಿಂತರೆ ಒಂದೋ ಯಾರೋ ಕಾರ್ಡ್ ಬಳಸಿದ್ದಾರೆ, ಇಲ್ಲವೋ ತಡವಾಗಿ ಕಟ್ಟಿದ್ದಕ್ಕೆ ಶುಲ್ಕ ಬಿದ್ದಿದೆ, ಇಲ್ಲವೋ ಆಟೋ ಡೆಬಿಟ್‌ನಲ್ಲಿ ಯಾವುದೋ ಚಂದಾ ಹೋಗುತ್ತಿದೆ. ಬಿಲ್ಲಿನ ಪಟ್ಟಿಯನ್ನು ಬೆರಳಿಟ್ಟು ಓದಿದರೆ ಸಿಕ್ಕೇ ಸಿಗುತ್ತದೆ.

ದೀಪಾವಳಿಗೆ ಅಂಗಡಿಯಲ್ಲಿ ಬೋನಸ್ ಕೊಡುತ್ತಾರಾ? ಕೊಟ್ಟರೆ ಹಬ್ಬದ ಖರ್ಚು ತೆಗೆದು ಉಳಿದದ್ದು ಕಾರ್ಡಿಗೆ. ಆರನೇ ತಿಂಗಳಲ್ಲಿ 5,000 ಜಾಸ್ತಿ ಹಾಕಿದರೂ ಕಾರ್ಡು ಹನ್ನೊಂದರ ಬದಲು ಹತ್ತನೇ ತಿಂಗಳಿಗೆ ತೀರುತ್ತದೆ.

ಕಾರ್ಡ್ ತೀರಿದ ಮೇಲೆ ಕೊನೆಯ ಬಿಲ್ಲಿನಲ್ಲಿ ಒಂದು ಸಣ್ಣ ಬಡ್ಡಿ ಮತ್ತೆ ಕಾಣಿಸಿಕೊಳ್ಳುತ್ತದೆ, ಬಿಲ್ಲು ಬಂದ ದಿನದಿಂದ ನೀವು ಕಟ್ಟಿದ ದಿನದ ತನಕದ್ದು. ಗಾಬರಿ ಬೇಡ, ಅದನ್ನೂ ಕಟ್ಟಿ. ಮುಂದಿನ ಬಿಲ್ಲು ಸೊನ್ನೆ ಬಂದ ಮೇಲೆ ಪರಿಚಯದವರ ಮನೆಗೆ ಹೋಗಿ ಮೊದಲ ದೊಡ್ಡ ಕಂತು ಕೊಡಿ.